ಮಹಾಪ್ರಬಂಧ ಪುಸ್ತಕವಾಗುವುದು: ಒಂದು ಕೆರೆ ಅಧ್ಯಯನದ ಲೆಕ್ಕ

ಹಳೇ ಮೈಸೂರು ಸೀಮೆಯ ಕೆರೆಗಳನ್ನು ಊರಿನವರು ನೋಡಿಕೊಳ್ಳುತ್ತಿದ್ದ ಬಗೆಯನ್ನು ಕುರಿತು ನಾನು ಬರೆದ ಪಿಎಚ್.ಡಿ. ಮಹಾಪ್ರಬಂಧ 412 ಪುಟಗಳದ್ದು. ಎ4 ಹಾಳೆ, ಒಂದೂವರೆ ಸಾಲಿನ ಅಂತರ, ಕಡುಗೆಂಪು ರೆಕ್ಸಿನ್ ರಟ್ಟು, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ. ಮೌಖಿಕ ಪರೀಕ್ಷೆ ಮುಗಿದ ದಿನ ಪರೀಕ್ಷಕರು "ಇದನ್ನು ಬೇಗ ಪುಸ್ತಕ ಮಾಡಿ" ಅಂದರು. 'ಪ್ರಸ್ತುತ ಮಹಾಪ್ರಬಂಧ' ಎಂದಿದ್ದಲ್ಲೆಲ್ಲ 'ಈ ಕೃತಿ' ಎಂದು ಬದಲಿಸಿ, ದೃಢೀಕರಣ ಪತ್ರದ ಪುಟ ಕಿತ್ತು ಅರ್ಪಣೆಯ ಪುಟ ಹಾಕಿದರೆ ಮುಗಿಯಿತು ಎಂದೇ ನಾನೂ ಅಂದುಕೊಂಡಿದ್ದೆ. ಹಾಗೆ ಮಾಡಿದ ಪುಸ್ತಕಗಳು ನಮ್ಮ ಗ್ರಂಥಾಲಯಗಳಲ್ಲಿ ಬೇಕಾದಷ್ಟಿವೆ. ಸಂದರ್ಶನಕ್ಕೆ ಹೋಗುವಾಗ ಐಎಸ್‌ಬಿಎನ್ ಇರುವ ಒಂದು ಪುಸ್ತಕ ಕೈಯಲ್ಲಿರಬೇಕು ಎಂಬ ಅವಸರಕ್ಕೆ ಅಚ್ಚಾದವು ಅವು. ತಪ್ಪು ಎನ್ನಲಾರೆ, ಹೊಟ್ಟೆಪಾಡು. ಆದರೆ ಅವನ್ನು ಯಾರೂ ಓದುವುದಿಲ್ಲ.

ನನ್ನ ಅವಸರ ತಡೆದದ್ದು ಒಬ್ಬ ಗೆಳೆಯ. ಶಿರಾ ಕಡೆಯ ಹೈಸ್ಕೂಲ್ ಮೇಷ್ಟ್ರು, ಊರಲ್ಲಿ ಕೆರೆ ನೀರು ಹರಿಯುವ ಎರಡು ಎಕರೆ ಅಚ್ಚುಕಟ್ಟು ಜಮೀನು ಇರುವವರು, ಕೈಗೆ ಸಿಕ್ಕಿದ್ದನ್ನೆಲ್ಲ ಓದುವವರು. ಪ್ರಬಂಧ ಕೊಟ್ಟು ಬಂದಿದ್ದೆ. ಹದಿನೈದು ದಿನ ಬಿಟ್ಟು ಫೋನ್ ಮಾಡಿದರೆ, "ಮೂವತ್ತೊಂದನೇ ಪುಟದಲ್ಲಿದೀನಿ. ಕೆರೆ ಎಷ್ಟನೇ ಪುಟಕ್ಕೆ ಬರುತ್ತೆ ಹೇಳಿ, ಅಲ್ಲಿಂದ ಓದ್ತೀನಿ" ಅಂದರು. ತೆಗೆದು ನೋಡಿದೆ. ಕೆರೆ ಬರುವುದು 59ನೇ ಪುಟದಲ್ಲಿ. ಅದಕ್ಕೂ ಮೊದಲು ಇದ್ದದ್ದು ಅಧ್ಯಯನದ ಉದ್ದೇಶ, ಮಹತ್ವ, ವ್ಯಾಪ್ತಿ, ಮಿತಿ, ವಿಧಾನ, ಪೂರ್ವಾಧ್ಯಯನಗಳ ಸಮೀಕ್ಷೆ.

ಆ 58 ಪುಟಗಳು ಕೆಟ್ಟದಾಗಿರಲಿಲ್ಲ. ಅವು ಬೇರೆಯವರಿಗಾಗಿ ಬರೆದವು, ಅಷ್ಟೆ. ಮಹಾಪ್ರಬಂಧಕ್ಕೆ ಇರುವ ಓದುಗರು ಮಾರ್ಗದರ್ಶಕರು ಮತ್ತು ಒಂದೆರಡು ಪರೀಕ್ಷಕರು. ಅವರು ಓದುವುದು ಕೆಲಸದ ಭಾಗವಾಗಿ. ಬೇಸರ ಬಂದರೂ ಮುಚ್ಚಿಡುವ ಹಾಗಿಲ್ಲ. ಅವರು ಕೇಳುವ ಪ್ರಶ್ನೆ ಒಂದೇ: ಈ ಅಭ್ಯರ್ಥಿಗೆ ವಿಷಯ ಗೊತ್ತಿದೆಯೇ, ಹಿಂದಿನವರನ್ನು ಓದಿದ್ದಾರೆಯೇ, ಹೇಳಿದ್ದಕ್ಕೆ ಆಧಾರ ಇದೆಯೇ? ಹಾಗಾಗಿ ಪ್ರಬಂಧದ ಪ್ರತಿ ಪುಟವೂ ಬರೆದವರನ್ನು ಕಾಪಾಡಿಕೊಳ್ಳುವ ಕೋಟೆ. ಪುಸ್ತಕ ಓದುವವರಿಗೆ ನಿಮ್ಮನ್ನು ಪರೀಕ್ಷಿಸುವ ಉಮೇದಿಲ್ಲ. ನಿಮಗೆ ಗೊತ್ತಿದೆ ಎಂದು ನಂಬಿಯೇ ದುಡ್ಡು ಕೊಟ್ಟಿರುತ್ತಾರೆ. ಅವರಿಗೆ ಬೇಕಾದ್ದು ಕೆರೆ.

ಕೋಟೆ ಕೆಡವಿದರೆ ಒಳಗೆ ಏನು ಉಳಿಯುತ್ತದೆ, ಉಳಿದದ್ದನ್ನು ಹೇಗೆ ಜೋಡಿಸಬೇಕು ಎಂಬುದನ್ನು ಕಲಿಯಲು ನನಗೆ ಹದಿನಾಲ್ಕು ತಿಂಗಳು ಹಿಡಿಯಿತು.

ಮೊದಲು ಬಣ್ಣ ಹಚ್ಚಿದ್ದು

ಪ್ರಬಂಧ ಸಲ್ಲಿಸಿ ಕೆಲವು ತಿಂಗಳು ಅದನ್ನು ಮುಟ್ಟದೆ ಇದ್ದೆ. ಇದು ಬೇಕು, ಇಲ್ಲದಿದ್ದರೆ ಪ್ರತಿ ವಾಕ್ಯವನ್ನೂ ಬರೆದಾಗ ಪಟ್ಟ ಪಾಡು ನೆನಪಾಗಿ ಯಾವುದನ್ನೂ ತೆಗೆಯಲು ಮನಸ್ಸಾಗುವುದಿಲ್ಲ. ಆಮೇಲೆ ಒಂದು ಪ್ರತಿ ಮುದ್ರಿಸಿಕೊಂಡು ಪ್ರತಿ ಪ್ಯಾರಾದ ಪಕ್ಕ 'ಈ ಪ್ಯಾರಾ ಏನು ಹೇಳುತ್ತದೆ' ಎಂದು ಒಂದೇ ಸಾಲು ಬರೆಯುತ್ತಾ ಹೋದೆ. ಆ ಸಾಲು ಕೆರೆಯ ಬಗ್ಗೆ ಇದ್ದರೆ ಹಸಿರು ಗೆರೆ. ಕೆರೆಯ ಬಗ್ಗೆ ನಾನು ಮಾಡುತ್ತಿರುವ ವಾದವಾದರೆ ನೀಲಿ. 'ಇಂಥ ವಿದ್ವಾಂಸರು ಹೀಗೆ ಹೇಳಿದ್ದಾರೆ', 'ಮುಂದಿನ ಅಧ್ಯಾಯದಲ್ಲಿ ಇದನ್ನು ಚರ್ಚಿಸಲಾಗುವುದು', 'ಮೇಲಿನ ಅಂಶಗಳಿಂದ ಸ್ಪಷ್ಟವಾಗುವುದೇನೆಂದರೆ' ಎಂಬ ಜಾತಿಯದಾದರೆ ಕೆಂಪು.

ಸುಮಾರು 980 ಪ್ಯಾರಾಗಳಲ್ಲಿ ಹತ್ತಿರ ಹತ್ತಿರ 400 ಕೆಂಪು ಬಂದವು. ಅದು ಅಷ್ಟು ಗಾಬರಿಯ ವಿಷಯವಲ್ಲ, ಯಾರದ್ದಾದರೂ ಅಷ್ಟೇ ಬರುತ್ತದೆ. ಗಾಬರಿಯಾದದ್ದು ನೀಲಿ ಎಣಿಸಿದಾಗ. ಅರವತ್ತರ ಆಸುಪಾಸು ಇದ್ದವು, ಅದರಲ್ಲಿ ಮುಕ್ಕಾಲು ಪಾಲು ಕೊನೆಯ 'ಸಮಾರೋಪ' ಅಧ್ಯಾಯದ ಹದಿನಾಲ್ಕು ಪುಟಗಳಲ್ಲಿ ಒತ್ತಿಕೊಂಡು ಕೂತಿದ್ದವು. ಅಂದರೆ ನನ್ನ ಸ್ವಂತ ಮಾತು ಶುರುವಾಗುವ ಹೊತ್ತಿಗೆ ಓದುಗರು 378 ಪುಟ ದಾಟಿರಬೇಕಿತ್ತು.

ಈ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಹಸಿರು ಬೇಕಾದಷ್ಟಿದ್ದು ನೀಲಿ ಹತ್ತೇ ಪ್ಯಾರಾ ಸಿಕ್ಕರೆ, ಅದು ಪುಸ್ತಕವಾಗುವ ಪ್ರಬಂಧವಲ್ಲ. ಎರಡು ಒಳ್ಳೆಯ ಲೇಖನ ಬರೆದು, ಮಾಹಿತಿಯನ್ನು ಅನುಬಂಧಗಳ ಸಮೇತ ಇದ್ದಲ್ಲೇ ಬಿಡುವುದು ಮೇಲು. ಪ್ರಬಂಧ ಹೇಗೂ ಶೋಧಗಂಗಾ ಜಾಲತಾಣದಲ್ಲಿ ಇರುತ್ತದೆ, ಬೇಕಾದವರು ತೆಗೆದು ನೋಡುತ್ತಾರೆ.

ಒಂದು ಪ್ರಶ್ನೆ ಸಿಗುವ ತನಕ

ಪ್ರಬಂಧಕ್ಕೆ 'ವಿಷಯ' ಇದ್ದರೆ ಸಾಕು. ಪುಸ್ತಕಕ್ಕೆ ಪ್ರಶ್ನೆ ಬೇಕು. ನನ್ನ ಶೀರ್ಷಿಕೆಯಲ್ಲಿ 'ಕೆರೆ ನಿರ್ವಹಣಾ ಪದ್ಧತಿಗಳು: ಒಂದು ಸಾಂಸ್ಕೃತಿಕ ಅಧ್ಯಯನ' ಎಂದಿತ್ತು. ಇದರಲ್ಲಿ ಏನನ್ನೂ ಯಾರೂ ಕೇಳುತ್ತಿಲ್ಲ. ಹಾಗಾಗಿ ಒಳಗೆ ಏನನ್ನು ಬೇಕಾದರೂ ತುಂಬಬಹುದಿತ್ತು, ತುಂಬಿದ್ದೆ ಕೂಡ.

ಪ್ರಶ್ನೆ ಸಿಕ್ಕಿದ್ದು ನೀಲಿ ಪ್ಯಾರಾಗಳನ್ನಷ್ಟೇ ಬೇರೆ ಹಾಳೆಗಳಲ್ಲಿ ಬರೆದು ನೆಲದ ಮೇಲೆ ಹರಡಿಕೊಂಡಾಗ. ಅರ್ಧಕ್ಕಿಂತ ಹೆಚ್ಚಿನವು ಒಂದೇ ಸಂಗತಿಯ ಸುತ್ತ ಸುತ್ತುತ್ತಿದ್ದವು: ಮಳೆ ಕೈಕೊಟ್ಟ ವರ್ಷ ಕೆರೆಯಲ್ಲಿ ಅರ್ಧ ನೀರಷ್ಟೇ ನಿಂತಾಗ ಯಾರ ಗದ್ದೆಗೆ ನೀರು, ಯಾರ ಗದ್ದೆ ಬೀಳು ಎಂಬುದನ್ನು ಯಾರು ತೀರ್ಮಾನಿಸುತ್ತಿದ್ದರು? ಆ ತೀರ್ಮಾನವನ್ನು ಊರು ಯಾಕೆ ಒಪ್ಪಿಕೊಳ್ಳುತ್ತಿತ್ತು? ಕ್ಷೇತ್ರಕಾರ್ಯದಲ್ಲಿ ನನಗೆ ಸಿಕ್ಕ ಉತ್ತರದ ನಡುವೆ ಇದ್ದವನು ನೀರುಗಂಟಿ. ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವವನು, ಊರಿನ ಕೆಲಸ ಮಾಡಿ ಸುಗ್ಗಿಯಲ್ಲಿ ಪಾಲು ಪಡೆಯುವ ಹನ್ನೆರಡು ಮಂದಿ ಆಯಗಾರರಲ್ಲಿ ಒಬ್ಬ. ನಾನು ನೋಡಿದ ಊರುಗಳಲ್ಲಿ ಬಹುಪಾಲು ದಲಿತ ಮನೆತನದವನು. ಕೆರೆಯ ಕೆಳಗೆ ದೊಡ್ಡ ಗದ್ದೆ ಇರುವವರು ಅವನನ್ನು ಅಂಗಳದಾಚೆ ನಿಲ್ಲಿಸಿ ಮಾತಾಡಿಸುತ್ತಿದ್ದರು. ಆದರೆ ಕೆರೆಯಿಂದ ನೀರು ಬಿಡುವ ತೂಬು ಎತ್ತುವುದು ಇಳಿಸುವುದು ಮಾತ್ರ ಅವನೇ. ಈ ವಿಚಿತ್ರವೇ ಪುಸ್ತಕ. ಪ್ರಬಂಧದಲ್ಲಿ ಇದು ಆರನೇ ಅಧ್ಯಾಯದ ನಾಲ್ಕನೇ ಉಪವಿಭಾಗದ ಒಂದು ಕವಲಾಗಿತ್ತು.

ಪ್ರಶ್ನೆ ಸಿಕ್ಕಿದ ಮೇಲೆ ಯಾವುದು ಇರಬೇಕು ಯಾವುದು ಬೇಡ ಎಂಬ ತಕರಾರು ತಾನಾಗಿ ಅರ್ಧ ಬಗೆಹರಿಯಿತು. 'ಸಾಹಿತ್ಯದಲ್ಲಿ ಕೆರೆ' ಎಂದು ಬರೆದಿದ್ದ 52 ಪುಟಗಳಲ್ಲಿ ನೀರು ಹಂಚಿಕೆಯ ಸುಳಿವೇ ಇರಲಿಲ್ಲ. ಅಧ್ಯಾಯ ಪೂರ್ತಿ ಹೋಯಿತು. ಬರೆಯಲು ಎಂಟು ತಿಂಗಳು ತೆಗೆದುಕೊಂಡ ಅಧ್ಯಾಯ ಅದು.

ಆಕರದ ಸಾಲಿನಿಂದ ನೀರಿನ ಸಾಲಿಗೆ

ಹೆಚ್ಚು ಕೆಲಸ ಬೇಡಿದ್ದು ಅಧ್ಯಾಯಗಳ ಜೋಡಣೆ. ನಮ್ಮಲ್ಲಿ ಪ್ರಬಂಧದ ಅಧ್ಯಾಯಗಳನ್ನು ಸಾಮಾನ್ಯವಾಗಿ ಆಕರದ ಪ್ರಕಾರ ಕಟ್ಟುತ್ತೇವೆ. ಶಾಸನಗಳಲ್ಲಿ ಕೆರೆ, ಸಾಹಿತ್ಯದಲ್ಲಿ ಕೆರೆ, ಆಡಳಿತ ದಾಖಲೆಗಳಲ್ಲಿ ಕೆರೆ, ಆಮೇಲೆ ಕ್ಷೇತ್ರಕಾರ್ಯದಲ್ಲಿ ಕಂಡ ಕೆರೆ. ಸಂಶೋಧನೆ ಮಾಡುವವರಿಗೆ ಇದು ಅನುಕೂಲ: ಒಂದು ವರ್ಷ ಎಪಿಗ್ರಾಫಿಯಾ ಕರ್ನಾಟಿಕದ ಶಾಸನ ಸಂಪುಟಗಳನ್ನು ಮುಂದಿಟ್ಟುಕೊಂಡು ಕೂತು ಅಧ್ಯಾಯ ಮುಗಿಸಿ, ಮುಂದಿನ ವರ್ಷ ಪತ್ರಾಗಾರಕ್ಕೆ ಹೋಗಬಹುದು. ಓದುವವರಿಗೆ ಮಾತ್ರ ಒಂದೇ ಕೆರೆಯನ್ನು ನಾಲ್ಕು ಸಲ ಸುತ್ತಿಸಿದ ಹಾಗೆ. ತೂಬಿನ ವಿಷಯ ಶಾಸನದ ಅಧ್ಯಾಯದಲ್ಲಿ ಒಂದು ತುಂಡು, ದಾಖಲೆಯ ಅಧ್ಯಾಯದಲ್ಲಿ ಇನ್ನೊಂದು, ಕ್ಷೇತ್ರಕಾರ್ಯದಲ್ಲಿ ಮತ್ತೊಂದು. ನಡುವೆ ನೂರಿಪ್ಪತ್ತು ಪುಟಗಳ ಅಂತರ.

ಪುಸ್ತಕದಲ್ಲಿ ನಾನು ಹಿಡಿದದ್ದು ನೀರಿನ ದಾರಿ. ಏರಿ, ತೂಬು, ಕಾಲುವೆ, ಗದ್ದೆ, ಕೋಡಿ, ಕೋಡಿಯಿಂದ ಮುಂದಿನ ಕೆರೆ. ಒಂದೊಂದೂ ಒಂದು ಅಧ್ಯಾಯ. ಏರಿಯ ಅಧ್ಯಾಯದಲ್ಲಿ ಕೇಳುವುದು ಕೆರೆ ಕಟ್ಟಿದವರು ಯಾರು, ಒಡೆಯದಂತೆ ನೋಡಿಕೊಳ್ಳುವ ಖರ್ಚು ಎಲ್ಲಿಂದ ಬರುತ್ತಿತ್ತು ಎಂದು. ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಭೂಮಿದಾನಗಳ ಶಾಸನಗಳೆಲ್ಲ ಅಲ್ಲಿಗೆ ಬಂದವು. ತೂಬಿನ ಅಧ್ಯಾಯ ನೀರುಗಂಟಿಯದು. ಗದ್ದೆಯ ಅಧ್ಯಾಯದಲ್ಲಿ ಅವನಿಗೆ ಸುಗ್ಗಿಯಲ್ಲಿ ಪ್ರತಿ ಹಿಡುವಳಿಯಿಂದ ಸಿಗುತ್ತಿದ್ದ ಬೆಳೆಯ ಹೊರೆ, ಮತ್ತು ನೀರು ಕಮ್ಮಿಯಾದ ವರ್ಷದ ದಾಮಾಷ ಲೆಕ್ಕ: ತೂಬಿನ ಹತ್ತಿರದ ಗದ್ದೆಗಳನ್ನಷ್ಟೇ ನಾಟಿ ಮಾಡಿ, ದೂರದ ಗದ್ದೆಯವರಿಗೂ ಅದರಲ್ಲೇ ಅವರವರ ಹಿಡುವಳಿಗೆ ತಕ್ಕ ಪಾಲು ಕೊಡುವ ಕ್ರಮ. ಕೋಡಿಯ ಅಧ್ಯಾಯದಲ್ಲಿ ಮೇಲಿನ ಊರಿಗೂ ಕೆಳಗಿನ ಊರಿಗೂ ನಡೆಯುವ ಜಗಳ.

ಹೀಗೆ ಜೋಡಿಸುವಾಗ ಏನಾಗುತ್ತದೆ ಎಂಬುದಕ್ಕೆ ಒಂದೇ ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕೆರೆಗಳ ಬಗ್ಗೆ ಬರೆಯುವ ಯಾರೂ ಬಿಡಲಾಗದ ಶಾಸನ ಪೋರುಮಾಮಿಳ್ಳದ್ದು. ಇಂದಿನ ಆಂಧ್ರದ ಕಡಪ ಜಿಲ್ಲೆಯ ಊರು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಹಾಕಿಸಿದ ಸಂಸ್ಕೃತ ಶಾಸನ. ಒಳ್ಳೆಯ ಕೆರೆಗೆ ಹನ್ನೆರಡು ಅಂಗ ಬೇಕು, ಆರು ದೋಷ ಇರಬಾರದು ಎಂದು ಅದು ಪಟ್ಟಿ ಮಾಡುತ್ತದೆ. ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ ಎಂಬ ಲೆಕ್ಕವನ್ನೂ ಕೊಡುತ್ತದೆ. ಪ್ರಬಂಧದಲ್ಲಿ ನಾನು ಹನ್ನೆರಡು ಅಂಗ, ಆರು ದೋಷ ಎಲ್ಲವನ್ನೂ ಒಂದೊಂದಾಗಿ ಬಿಡಿಸಿ ಒಂಬತ್ತು ಪುಟ ಬರೆದಿದ್ದೆ. ಬಿಟ್ಟಿದ್ದರೆ ಪರೀಕ್ಷಕರು ಕೇಳುತ್ತಿದ್ದರು.

ಪುಸ್ತಕದಲ್ಲಿ ಆ ಒಂಬತ್ತು ಪುಟ ಮೂರು ಕಡೆಗೆ ಒಡೆದು ಹೋಯಿತು. ಸಾವಿರ ಆಳಿನ ಲೆಕ್ಕ ಏರಿಯ ಅಧ್ಯಾಯಕ್ಕೆ ಹೋಯಿತು. ಮಣ್ಣು ಹೊರುವ ಕೆಲಸ ಎಷ್ಟು ದೊಡ್ಡದು ಎಂದು ತೋರಿಸಲು ಒಂದೂವರೆ ಪ್ಯಾರಾ. ದೋಷಗಳಲ್ಲಿ ಒಂದು, 'ನೀರು ಕಮ್ಮಿ, ಜಮೀನು ಹೆಚ್ಚು' ಎಂಬುದು. ಅದು ಗದ್ದೆಯ ಅಧ್ಯಾಯದ ಮೊದಲ ಸಾಲಾಯಿತು, ಯಾಕೆಂದರೆ ದಾಮಾಷ ಹುಟ್ಟುವುದೇ ಆ ದೋಷದಿಂದ. ಇನ್ನೊಂದು ದೋಷ, ಕೆರೆ ಎರಡು ರಾಜ್ಯಗಳ ಗಡಿಯಲ್ಲಿ ಇರುವುದು. ಇದನ್ನು ಪ್ರಬಂಧ ಬರೆಯುವಾಗ ನಾನು ಒಂದು ಸಾಲಿನಲ್ಲಿ ದಾಟಿಸಿಬಿಟ್ಟಿದ್ದೆ. ಕೋಡಿಯ ಅಧ್ಯಾಯಕ್ಕೆ ತಂದು ಇಟ್ಟ ಕೂಡಲೇ ಅದರ ತೂಕ ತಿಳಿಯಿತು: ಮಣ್ಣು, ಬಂಡೆ, ಹಳ್ಳ ಎಂದು ಹೇಳುತ್ತಿದ್ದ ಪಟ್ಟಿಯ ನಡುವೆ ಶಾಸನ ಬರೆದವನು ರಾಜಕಾರಣವನ್ನೂ ನಿರ್ಮಾಣದ ದೋಷವೆಂದೇ ಎಣಿಸಿದ್ದಾನೆ. ಉಳಿದ ಅಂಗಗಳು, ದೋಷಗಳು ಪುಸ್ತಕದಲ್ಲಿ ಇಲ್ಲ. ಪೂರ್ತಿ ಪಟ್ಟಿ ಬೇಕಾದವರಿಗೆ ಶಾಸನ ಎಲ್ಲಿ ಅಚ್ಚಾಗಿದೆ ಎಂದು ಪುಸ್ತಕದ ಕೊನೆಯ ಟಿಪ್ಪಣಿಯಲ್ಲಿ ಹೇಳಿದ್ದೇನೆ.

ಕ್ಷೇತ್ರಕಾರ್ಯವನ್ನೂ ಹೀಗೇ ಇಳಿಸಬೇಕಾಯಿತು. ಪ್ರಬಂಧದಲ್ಲಿ 24 ಕೆರೆಗಳಿದ್ದವು, ಪ್ರತಿಯೊಂದಕ್ಕೂ ಒಂದೇ ಅಚ್ಚಿನ ಎರಡೂವರೆ ಪುಟ: ಊರು, ವಿಸ್ತೀರ್ಣ, ಅಚ್ಚುಕಟ್ಟು, ತೂಬುಗಳ ಸಂಖ್ಯೆ, ದೇವರು, ಹಬ್ಬ. ಇಪ್ಪತ್ತನಾಲ್ಕು ಬೇಕಿದ್ದದ್ದು 'ಸಾಕಷ್ಟು ನೋಡಿದ್ದೇನೆ' ಎಂದು ತೋರಿಸಲು. ಓದುವವರ ನೆನಪಿನಲ್ಲಿ ನಿಲ್ಲುವುದು ಮೂರೋ ನಾಲ್ಕೋ. ಪುಸ್ತಕದಲ್ಲಿ ನಾಲ್ಕು ಕೆರೆ ಉಳಿದವು, ಅವು ಎಲ್ಲ ಅಧ್ಯಾಯಗಳಲ್ಲೂ ಮತ್ತೆ ಮತ್ತೆ ಬರುತ್ತವೆ. ಉಳಿದ ಇಪ್ಪತ್ತು ಒಂದು ಕೋಷ್ಟಕದೊಳಗೆ ಸೇರಿ ಅನುಬಂಧಕ್ಕೆ ಹೋದವು.

ಇಲ್ಲಿ ಒಂದು ಅಪಾಯ ಇದೆ. ಕತೆ ಚೆನ್ನಾಗಿರುವ ನಾಲ್ಕನ್ನು ಆರಿಸಿಕೊಂಡರೆ ವಾದ ತಾನಾಗಿ ಗಟ್ಟಿಯಾದಂತೆ ಕಾಣುತ್ತದೆ, ಏಕೆಂದರೆ ಒಗ್ಗದವು ಕೋಷ್ಟಕದಲ್ಲಿ ಅಡಗಿ ಕೂತಿರುತ್ತವೆ. ನನ್ನ 24ರಲ್ಲಿ ಐದು ಕಡೆ ನೀರುಗಂಟಿಯ ಮಾತು ನಡೆಯುತ್ತಲೇ ಇರಲಿಲ್ಲ; ಪಟೇಲರು ಹೇಳಿದ ಕಡೆಗೆ ನೀರು. ಹಾಗಾಗಿ ಆರಿಸಿದ ನಾಲ್ಕರಲ್ಲಿ ಒಂದು ಬೇಕೆಂದೇ ಅಂಥದ್ದು.

ಪೂರ್ವಾಧ್ಯಯನ ಸಮೀಕ್ಷೆ ಏನಾಯಿತು ಎಂದು ಸಂಶೋಧನಾರ್ಥಿಗಳು ಕೇಳುತ್ತಾರೆ. ಅದು ಕಸದ ಬುಟ್ಟಿಗೆ ಹೋಗಲಿಲ್ಲ, ಕರಗಿತು. ಯಾರ ಅಭಿಪ್ರಾಯ ನನ್ನ ವಾದಕ್ಕೆ ನಿಜವಾಗಿ ಎದುರು ನಿಲ್ಲುತ್ತದೋ ಅವರು ಆ ವಾದ ಬರುವ ಜಾಗದಲ್ಲಿ ಎರಡು ವಾಕ್ಯಕ್ಕೆ ಬಂದು ಹೋಗುತ್ತಾರೆ. ಉಳಿದವರು ಟಿಪ್ಪಣಿಯಲ್ಲಿ. ವಿಧಾನದ ಇಪ್ಪತ್ತು ಪುಟ ಮುನ್ನುಡಿಯಲ್ಲಿ ಮೂರು ಪುಟವಾಯಿತು, ಅದೂ 'ಗುಣಾತ್ಮಕ ವಿಧಾನ' ಎಂಬ ಪದವಿಲ್ಲದೆ: ಯಾವ ಊರುಗಳಿಗೆ, ಎಷ್ಟು ಸಲ, ಯಾರ ಜತೆ ಹೋದೆ, ಯಾರು ಮಾತಾಡಲು ಒಪ್ಪಲಿಲ್ಲ. ಅಡಿಟಿಪ್ಪಣಿಗಳು 640 ಇದ್ದವು. ಪ್ರತಿ ವಾಕ್ಯಕ್ಕೊಂದರಂತೆ ಇದ್ದುದನ್ನು ಪ್ಯಾರಾಕ್ಕೊಂದರಂತೆ ಕೂಡಿಸಿ ಪುಸ್ತಕದ ಕೊನೆಗೆ ಸಾಗಿಸಿದಾಗ 190 ಉಳಿದವು. ಆಧಾರ ಒಂದೂ ಕಮ್ಮಿಯಾಗಲಿಲ್ಲ, ಓದುವ ಕಣ್ಣು ಕೆಳಕ್ಕೆ ಹಾರುವುದು ತಪ್ಪಿತು. (ನುಡಿ ತಂತ್ರಾಂಶದಲ್ಲಿ ಬೆರಳಚ್ಚಾಗಿದ್ದ ಕಡತವನ್ನು ಯೂನಿಕೋಡಿಗೆ ಬದಲಿಸುವಾಗ ಟಿಪ್ಪಣಿ ಸಂಖ್ಯೆಗಳು ಕಲಸಿಹೋಗಿ ಒಂದು ವಾರ ಹಾಳಾಯಿತು. ಬದಲಿಸುವುದಿದ್ದರೆ ತಿದ್ದಲು ಕೂರುವ ಮೊದಲೇ ಬದಲಿಸಿಕೊಳ್ಳಿ.)

'ಲಾಗಿದೆ' ರೋಗ

ಜೋಡಣೆ ಮುಗಿದ ಮೇಲೆ ಭಾಷೆ. ಇದನ್ನು ಕೊನೆಗೆ ಇಟ್ಟುಕೊಳ್ಳಬೇಕು; ಹೋಗಲಿರುವ ಅಧ್ಯಾಯದ ವಾಕ್ಯ ತಿದ್ದುತ್ತಾ ಕೂತರೆ ಶ್ರಮ ದಂಡ.

ಕನ್ನಡ ಮಹಾಪ್ರಬಂಧಗಳಿಗೆ ಒಂದು ಭಾಷೆ ಇದೆ, ಅದನ್ನು ಯಾವ ಊರಿನವರೂ ಮಾತಾಡುವುದಿಲ್ಲ. ಗಮನಿಸಲಾಗಿದೆ, ಗುರುತಿಸಲಾಗಿದೆ, ಕಂಡುಕೊಳ್ಳಲಾಗಿದೆ. ಯಾರು ಗಮನಿಸಿದರು ಎಂದು ಕೇಳಿದರೆ ಉತ್ತರವಿಲ್ಲ. ನನ್ನ ಕಡತದಲ್ಲಿ 'ಲಾಗಿದೆ' ಎಂದು ಹುಡುಕಿದರೆ 700ಕ್ಕೂ ಮೇಲೆ ಬಂತು. ತೂಬಿನ ಅಧ್ಯಾಯಕ್ಕೆ ಬಂದ ಒಂದು ಪ್ಯಾರಾ ಮೂಲದಲ್ಲಿ ಹೀಗಿತ್ತು:

"ಕೆರೆ ನೀರಿನ ಹಂಚಿಕೆಯಲ್ಲಿ ನೀರುಗಂಟಿಯ ಪಾತ್ರವು ಅತ್ಯಂತ ಮಹತ್ವದ್ದಾಗಿದ್ದು, ಆತನು ಗ್ರಾಮೀಣ ಸಾಮಾಜಿಕ ವ್ಯವಸ್ಥೆಯ ಅವಿಭಾಜ್ಯ ಅಂಗವಾಗಿ ಕಾರ್ಯನಿರ್ವಹಿಸುತ್ತಿದ್ದನೆಂಬುದನ್ನು ಕ್ಷೇತ್ರಕಾರ್ಯದ ಮೂಲಕ ಕಂಡುಕೊಳ್ಳಲಾಗಿದೆ. ತೂಬಿನ ಬಾಗಿಲನ್ನು ತೆರೆಯುವ ಹಾಗೂ ಮುಚ್ಚುವ ಅಧಿಕಾರವು ಆತನಿಗೆ ಮಾತ್ರ ಸೀಮಿತವಾಗಿದ್ದಿತು (ವಕ್ತೃ 17)."

ಇದರಲ್ಲಿ ಸಂಗತಿ ಇರುವುದು ಎರಡನೇ ವಾಕ್ಯದಲ್ಲಿ ಮಾತ್ರ. ಮೊದಲ ವಾಕ್ಯದಲ್ಲಿ 'ನೀರುಗಂಟಿ' ತೆಗೆದು 'ಕುಂಬಾರ' ಎಂದು ಹಾಕಿ ಓದಿ, ಏನೂ ಕೆಡುವುದಿಲ್ಲ. ಹೆಸರು ಬದಲಿಸಿದರೂ ನಿಲ್ಲುವ ವಾಕ್ಯವನ್ನು ಹೊಡೆದು ಹಾಕಬೇಕು ಎಂಬುದು ನಾನು ಮಾಡಿಕೊಂಡ ನಿಯಮ. ತಿದ್ದಿದ ಮೇಲೆ ಅದು ಹೀಗಾಯಿತು:

"ತೂಬು ಇರುವುದು ಏರಿಯ ಒಳಬದಿಯಲ್ಲಿ, ನೀರಿನ ನಡುವೆ: ಎರಡು ಕಲ್ಲಿನ ಕಂಬ, ಅಡ್ಡಕ್ಕೆ ತೂತು ಕೊರೆದ ಚಪ್ಪಡಿ. ಕೆರೆ ತುಂಬಿದಾಗ ಅಲ್ಲಿಗೆ ಈಜಿಕೊಂಡೇ ಹೋಗಬೇಕು. ಎಷ್ಟು ಎತ್ತಬೇಕು, ಎಷ್ಟು ಹೊತ್ತು ಬಿಡಬೇಕು ಎಂಬುದು ನೀರುಗಂಟಿಗೆ ಗೊತ್ತು. ಬೇರೆಯವರು ಕೈ ಹಾಕಿದರೆ ಊರು ಸೇರಿಸಿ ದಂಡ ಹಾಕುತ್ತಿದ್ದರು. ಗದ್ದೆಯ ಯಜಮಾನನೇ ಆದರೂ."

ಉದ್ದ ಹೆಚ್ಚು ಕಡಿಮೆ ಅಷ್ಟೇ. 'ಜನಸಾಮಾನ್ಯರಿಗೆ ಬರೆಯುವುದು' ಎಂದರೆ ಸರಳಗೊಳಿಸಿ ಚಿಕ್ಕದು ಮಾಡುವುದು ಎಂದು ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಒಳ್ಳೆಯ ಸಂಗತಿಗಳಿಗೆ ಪುಸ್ತಕದಲ್ಲಿ ಜಾಗ ಜಾಸ್ತಿ ಬೇಕು, ಖಾಲಿ ಮಾತಿಗೆ ಜಾಗ ಬೇಕಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ, ಸಾಮಾನ್ಯ ಓದುಗರಿಗೆ ಏನೂ ಗೊತ್ತಿರುವುದಿಲ್ಲ ಎಂಬುದು. ನನ್ನ ಮೇಷ್ಟ್ರು ಗೆಳೆಯರಿಗೆ ಕೋಡಿ ಅಂದರೇನು ಎಂದು ವಿವರಿಸಿದರೆ ನಗುತ್ತಾರೆ. ಕಟ್ಟುಕೊಡಗೆ ಅಂದರೆ ಹೇಳಬೇಕು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಎರಡೂ ಹೇಳಬೇಕು. ಇಬ್ಬರಿಗೂ ಆಗುವಂತೆ ಬರೆಯುವ ಉಪಾಯವೆಂದರೆ ಅರ್ಥ ಹೇಳದೆ ಕೆಲಸ ತೋರಿಸುವುದು. 'ಕೋಡಿ ಎಂದರೆ ಹೆಚ್ಚುವರಿ ನೀರು ಹೊರಹೋಗುವ ವ್ಯವಸ್ಥೆ' ಎಂಬ ಸಾಲಿನ ಬದಲು 'ಆ ವರ್ಷ ಕೆರೆ ತುಂಬಿ ಕೋಡಿ ಬಿದ್ದಾಗ ಕೆಳಗಿನ ಊರಿನವರು ತಮಟೆ ಬಡಿಸಿಕೊಂಡು ಬಂದರು' ಎಂದರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ, ಗೊತ್ತಿರುವವರಿಗೆ ಅವಮಾನವಾಗುವುದಿಲ್ಲ. ಹಳಗನ್ನಡ ಶಾಸನಪಾಠಕ್ಕೂ ಅದೇ ಉಪಾಯ. ಇಡೀ ಪಾಠ ಹಾಕಿ ಕೆಳಗೆ ಅನುವಾದ ಕೊಡುವ ಬದಲು, ಒಂದು ನುಡಿಗಟ್ಟನ್ನು ಮಾತ್ರ ಹಾಗೇ ಇಟ್ಟು ಉಳಿದದ್ದನ್ನು ನನ್ನ ಮಾತಿನಲ್ಲಿ ಹೇಳಿದೆ.

ಸೇರಿಸಬೇಕಾದದ್ದು

ಇಷ್ಟು ಹೊತ್ತು ಕತ್ತರಿಸಿದ್ದನ್ನೇ ಹೇಳಿದೆ. ಒಂದು ಲಕ್ಷ ಚಿಲ್ಲರೆ ಪದಗಳಿದ್ದ ಪ್ರಬಂಧ ಒಂದು ಹಂತದಲ್ಲಿ 43 ಸಾವಿರಕ್ಕೆ ಇಳಿದಿತ್ತು. ಆಮೇಲೆ 20 ಸಾವಿರ ಪದ ಹೊಸದಾಗಿ ಬರೆಯಬೇಕಾಯಿತು. ಪ್ರಬಂಧಕ್ಕೆ 'ವ್ಯಾಪ್ತಿ' ಎಂಬ ಬೇಲಿ ಇರುತ್ತದೆ. ನಾನು ಬೇಲಿ ಹಾಕಿದ್ದು 1961ಕ್ಕೆ, ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದ ವರ್ಷಕ್ಕೆ. ವಂಶಪಾರಂಪರ್ಯದ ಊರ ಹುದ್ದೆಗಳು, ಅವಕ್ಕಿದ್ದ ಇನಾಮು ಜಮೀನಿನ ವ್ಯವಸ್ಥೆ ಹೋದದ್ದು ಆ ಕಾಯ್ದೆಯಿಂದ. ಪರೀಕ್ಷಕರಿಗೆ ಬೇಲಿ ಒಪ್ಪಿಗೆಯಾಗಿತ್ತು. ಪುಸ್ತಕ ಓದುವವರು ಬೇಲಿಯ ಹತ್ತಿರ ಬಂದ ಕೂಡಲೇ ಕೇಳುವುದು, "ಆಮೇಲೇನಾಯ್ತು?" ಈಗ ಆ ತೂಬನ್ನು ಯಾರು ಎತ್ತುತ್ತಾರೆ? ಕೊಳವೆಬಾವಿ ಬಂದ ಮೇಲೆ ಅಚ್ಚುಕಟ್ಟಿನ ರೈತನಿಗೆ ಕೆರೆಯ ಹಂಗು ಎಷ್ಟು ಉಳಿದಿದೆ? ಅದಕ್ಕೆ ಮತ್ತೆ ಐದು ತಿಂಗಳು ಊರೂರು ತಿರುಗಿ ಎರಡು ಹೊಸ ಅಧ್ಯಾಯ ಬರೆದೆ. ಪ್ರಬಂಧದಲ್ಲಿ ಬೇಲಿ ಎಲ್ಲಿದೆಯೋ ಅಲ್ಲೇ ಹೊಸ ಅಧ್ಯಾಯ ಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿದಿದ್ದರೆ ಪ್ರಕಾಶಕರಿಗೆ ಆರು ತಿಂಗಳಲ್ಲಿ ಕೊಡುತ್ತೇನೆ ಎಂದು ಹೇಳುತ್ತಿರಲಿಲ್ಲ.

ಪ್ರಕಾಶಕರಿಗೆ ನಾನು ಕಳಿಸಿದ್ದು ಎರಡು ಪುಟದ ಸಾರಾಂಶ, ಹೊಸ ಅಧ್ಯಾಯಗಳ ಪಟ್ಟಿ, ತೂಬಿನ ಅಧ್ಯಾಯ ಪೂರ್ತಿ. ಪ್ರಬಂಧವನ್ನು ಕಳಿಸಲಿಲ್ಲ. ಅವರು ಕೇಳಿದ್ದು, ಪ್ರಬಂಧ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವಾಗ ಇದನ್ನು ಯಾಕೆ ಕೊಳ್ಳಬೇಕು ಎಂದು. ಎರಡರ ಪರಿವಿಡಿಯನ್ನು ಅಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ. ಡೆಮಿ ಆಕಾರದಲ್ಲಿ 288 ಪುಟ, ಹದಿನಾರು ಪುಟಕ್ಕೊಂದರಂತೆ ಹದಿನೆಂಟು ಫಾರಂ. ಇನ್ನೊಂದು ಫಾರಂ ಹೆಚ್ಚಾದರೆ ಬೆಲೆ ಏರಿಸಬೇಕಾಗುತ್ತದೆ ಎಂದರು, ಹಾಗಾಗಿ ಕೋಷ್ಟಕದ ಎರಡು ಪುಟ ಕೊನೆಗೂ ಹೋದವು.

ವಕ್ತೃ 17

ಒಂದು ಕೆಲಸ ಉಳಿದಿತ್ತು, ಪ್ರಬಂಧದ ಕಾಲದಲ್ಲಿ ಅದು ತಲೆಗೇ ಬಂದಿರಲಿಲ್ಲ. ಪ್ರಬಂಧ ಆ ಊರಿಗೆ ಹೋಗುವುದಿಲ್ಲ. ಪುಸ್ತಕ ಹೋಗುತ್ತದೆ. ಹಾಗಾಗಿ ಹಸ್ತಪ್ರತಿಯ ಮುದ್ರಿತ ಹಾಳೆ ಹಿಡಿದುಕೊಂಡು ನಾಲ್ಕೂ ಊರಿಗೆ ಹೋಗಿ, ಯಾರ ಮಾತು ಎಲ್ಲಿ ಬಂದಿದೆಯೋ ಅದನ್ನು ಅವರ ಮುಂದೆ ಓದಿದೆ.

ವಕ್ತೃ 17 ಎಂದು ನಾನು ನಮೂದಿಸಿದ್ದವರು ಕೊನೆಯ ನೀರುಗಂಟಿಯ ಮಗ. ಎಪ್ಪತ್ತು ದಾಟಿದವರು. ತಿದ್ದಿದ ಪ್ಯಾರಾ ಅವರಿಗೆ ಹಿಡಿಸಿತು. ಜತೆಗೆ ಹಳೆಯದನ್ನೂ ಓದಿ ಹೇಳಿದೆ, ನನ್ನ ಜಾಣತನ ತೋರಿಸಲು. ಅವರು ನಡುವೆ ತಡೆದರು. "ಬಾಗ್ಲು ಅಂತ ಬರ್ದಿದ್ರಾ ಮೇಷ್ಟ್ರೇ? ನಮ್ ತೂಬಿಗೆ ಬಾಗ್ಲು ಎಲ್ಲಿತ್ತು? ಬಿರಡೆ ಅದು. ಮರದ ಗಳಕ್ಕೆ ಹಾಕಿದ್ ಬಿರಡೆ. ಬಾಗ್ಲಾದ್ರೆ ಯಾರ್ ಬೇಕಾದ್ರೂ ತೆಗೀಬೋದು, ಬಿರಡೇನ ನೀರಿನ್ ಒತ್ತಡ ಗೊತ್ತಿರೋನೇ ಎತ್ಬೇಕು." ಮಾರ್ಗದರ್ಶಕರು, ಪರೀಕ್ಷಕರು ಯಾರ ಕಣ್ಣಿಗೂ ಬೀಳದ ತಪ್ಪು. ತೂಬಿಗೆ ಬೇರೆಯವರು ಯಾಕೆ ಕೈ ಹಾಕುತ್ತಿರಲಿಲ್ಲ ಎಂಬುದಕ್ಕೆ ನಾನು ಜಾತಿ, ಕಟ್ಟುಪಾಡು, ದಂಡ ಎಂದೆಲ್ಲ ಕಾರಣ ಕೊಟ್ಟಿದ್ದೆ. ಬಿರಡೆ ಎತ್ತುವುದು ಕಲಿತು ಮಾಡುವ ಕೆಲಸ ಎಂಬ ಸಾದಾ ಕಾರಣ ಬಿಟ್ಟುಹೋಗಿತ್ತು. ಆ ಅಧ್ಯಾಯದ ಮೂರು ಪುಟ ಮತ್ತೆ ಬರೆದೆ.

ಅವರು ಇನ್ನೆರಡು ಮಾತು ಕೇಳಿದರು. ಒಂದು, ತಮ್ಮ ತಂದೆಯ ಹೆಸರು ಹಾಕಬೇಕು, ಸಂಖ್ಯೆ ಬೇಡ. ಇನ್ನೊಂದು, ಹೊರೆ ಕೊಡದೆ ಸತಾಯಿಸಿದ ಮನೆತನದ ಪ್ರಸಂಗವನ್ನು ತೆಗೆಯಬೇಕು. "ಅವರ ಮೊಮ್ಮಗ, ನನ್ನ ಮೊಮ್ಮಗ ಒಂದೇ ಗಾರ್ಮೆಂಟ್ಸ್‌ಗೆ ಹೋಗ್ತಾರೆ, ಒಂದೇ ರೂಮಲ್ಲಿದಾರೆ" ಅಂದರು. ಗದ್ದೆಯ ಅಧ್ಯಾಯದಲ್ಲಿ ನೀರುಗಂಟಿಯ ಅಧಿಕಾರ ಎಲ್ಲಿಗೆ ಮುಗಿಯುತ್ತಿತ್ತು ಎಂದು ತೋರಿಸುವ ನನ್ನ ಗಟ್ಟಿ ಆಧಾರ ಅದೇ ಪ್ರಸಂಗ. ಎರಡನ್ನೂ ಒಟ್ಟಿಗೆ ಮಾಡುವುದು ಕಷ್ಟ: ತಂದೆಯ ಹೆಸರು ಹಾಕಿದರೆ ಊರು ತಿಳಿಯುತ್ತದೆ, ಊರು ತಿಳಿದರೆ ಮನೆತನ ತಿಳಿಯುತ್ತದೆ. ಕೊನೆಗೆ ತೂಬಿನ ಅಧ್ಯಾಯದಲ್ಲಿ ಊರು, ಹೆಸರು ಎರಡನ್ನೂ ಇಟ್ಟೆ. ಹೊರೆಯ ಪ್ರಸಂಗವನ್ನು ಊರಿನ ಹೆಸರಿಲ್ಲದೆ ಗದ್ದೆಯ ಅಧ್ಯಾಯದಲ್ಲೇ ಇಡಬಹುದೇ ಎಂದು ಅವರನ್ನೇ ಕೇಳಿದೆ. ಒಪ್ಪಿದರು. ಆದರೆ ಆ ಪುಟದ ಎದುರಿಗೆ ಹಾಕಲೆಂದು ಇಟ್ಟಿದ್ದ ಚಿತ್ರದಲ್ಲಿ ಏರಿಯ ಮೇಲಿನ ಗುಡಿ ಕಾಣುತ್ತಿತ್ತು. ಅದನ್ನು ನೋಡಿದ ಯಾರಿಗಾದರೂ ಯಾವ ಕೆರೆ ಎಂದು ಗೊತ್ತಾಗುತ್ತಿತ್ತು. ಇಡೀ ಪುಸ್ತಕದಲ್ಲಿ ಚೆನ್ನಾಗಿ ಬಂದಿದ್ದ ಚಿತ್ರ. ಅದನ್ನೂ ತೆಗೆದು ಹಸ್ತಪ್ರತಿ ಕಳಿಸಿದೆ.